ಆಶಾ ಮನೆ ಭೇಟಿ ಆ್ಯಪ್‌ಗೆ ಅನುದಾನ ಕೇಳುವ ಪತ್ರ: ಎರಡು ಪುಟದಲ್ಲಿ ಏನಿರಬೇಕು?

ಒಂದು ಕಂಪನಿಯ ಸಮಾಜಸೇವೆಯ ಹಣ ನೋಡಿಕೊಳ್ಳುವ ಸಿಎಸ್‌ಆರ್ ವಿಭಾಗಕ್ಕೆ ನಾನು ಮೊದಲ ಸಲ ಇಂಥ ಪತ್ರ ಬರೆದಾಗ ಅದು ಐದು ಪುಟ ಇತ್ತು. ಆ್ಯಪ್‌ನ ಪರದೆಗಳ ಚಿತ್ರ, ಗ್ರಾಫ್, ಮುಂದಿನ ಮೂರು ವರ್ಷದ ಯೋಜನೆ ಎಲ್ಲವೂ ಇತ್ತು. ಪತ್ರ ಓದಿದ ಅಧಿಕಾರಿ ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಆ್ಯಪ್ ಬಂದ ಮೇಲೆ ಆಶಾ ಕೈಯಲ್ಲಿರುವ ಯಾವ ಪುಸ್ತಕ ಮುಚ್ಚುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹಣವೂ ಬರಲಿಲ್ಲ.

ಆ ಪ್ರಶ್ನೆ ನ್ಯಾಯವಾದದ್ದು. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಈಗಾಗಲೇ ಹಲವು ರಿಜಿಸ್ಟರ್ ಇವೆ. ಅದರ ಮೇಲೆ ಫೋನಿನಲ್ಲಿ ಇನ್ನೊಂದು ಫಾರ್ಮ್ ತುಂಬಿಸಿ ಅಂದರೆ ಅವರಿಗೆ ಒಂದೇ ಭೇಟಿಯನ್ನು ಎರಡು ಸಲ ಬರೆಯುವ ಕೆಲಸ. ಮೊದಲ ತಿಂಗಳು ತುಂಬುತ್ತಾರೆ, ಎರಡನೇ ತಿಂಗಳು ಕೊನೆಯ ದಿನ ಕೂತು ಒಟ್ಟಿಗೆ ತುಂಬುತ್ತಾರೆ, ಮೂರನೇ ತಿಂಗಳು ಬಿಡುತ್ತಾರೆ. ಹೀಗಾಗಿ ಪತ್ರ ಬರೆಯುವ ಮೊದಲೇ ಈ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಹಂತ 1: ಒಂದೇ ಬಗೆಯ ಭೇಟಿ ಆರಿಸಿ

"ಎಲ್ಲ ಮನೆ ಭೇಟಿಗಳನ್ನೂ ದಾಖಲಿಸುವ ಆ್ಯಪ್" ಎಂದು ಬರೆಯಬೇಡಿ. ಗರ್ಭಿಣಿಯರ ಭೇಟಿ, ಬಾಣಂತಿಯರ ಭೇಟಿ, 30 ವರ್ಷ ದಾಟಿದವರ ಬಿಪಿ-ಶುಗರ್ ಸಮೀಕ್ಷೆ, ಕ್ಷಯದ ರೋಗಿಗಳ ಭೇಟಿ, ಒಂದೊಂದಕ್ಕೂ ಬೇರೆ ಫಾರ್ಮ್ ಇದೆ, ಬೇರೆ ಮೇಲಧಿಕಾರಿ ಇದ್ದಾರೆ. ಎಲ್ಲವನ್ನೂ ಹಿಡಿದರೆ ಯಾವ ಪುಸ್ತಕವೂ ಮುಚ್ಚುವುದಿಲ್ಲ.

ನಾನು ಇಲ್ಲಿ ನವಜಾತ ಶಿಶುವಿನ ಮನೆ ಭೇಟಿಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇದನ್ನು ಎಚ್‌ಬಿಎನ್‌ಸಿ ಎನ್ನುತ್ತಾರೆ. 2011ರಿಂದ ದೇಶದಾದ್ಯಂತ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ ಏಳು ಭೇಟಿ. ಮಗುವಿನ ತೂಕ, ಮೈ ಬಿಸಿ, ಉಸಿರಾಟ, ಹಾಲು ಕುಡಿಯುವುದು, ಹೊಕ್ಕುಳು ಎಲ್ಲ ನೋಡಿ ಕಾಗದದ ನಮೂನೆ ತುಂಬಬೇಕು. ಎಲ್ಲ ಭೇಟಿ ಮುಗಿದು ನಮೂನೆ ಪರಿಶೀಲನೆ ಆದ ಮೇಲೆ ಅವರಿಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ.

ಈ ಭೇಟಿಯನ್ನೇ ಆರಿಸಲು ಕಾರಣ ಇದೆ. ದಿನಗಳು ಮೊದಲೇ ಗೊತ್ತು. ನಮೂನೆ ಒಂದೇ. ಹಣವೂ ಅದೇ ನಮೂನೆಗೆ ಅಂಟಿಕೊಂಡಿದೆ. ಅಂದರೆ ಮುಚ್ಚಬಹುದಾದ ಒಂದು ಪುಸ್ತಕ ಇಲ್ಲಿ ಕಣ್ಣೆದುರಿಗೇ ಇದೆ.

ಹಂತ 2: ಅನುಮತಿ ಮೊದಲು, ಪತ್ರ ಆಮೇಲೆ

ಹೆಚ್ಚಿನವರು ತಪ್ಪುವುದು ಇಲ್ಲೇ. ಹಣ ಬರಲಿ, ಆಮೇಲೆ ಇಲಾಖೆಯ ಹತ್ತಿರ ಹೋಗೋಣ ಅಂದುಕೊಳ್ಳುತ್ತಾರೆ. ಆಶಾ ಕೆಲಸ ಮಾಡುವುದು ಆರೋಗ್ಯ ಇಲಾಖೆಯ ವ್ಯವಸ್ಥೆಯಲ್ಲಿ. ಅವರು ಬರೆಯುವ ಮಾಹಿತಿ ನಮ್ಮದಲ್ಲ. ಜಿಲ್ಲಾ ಆರೋಗ್ಯಾಧಿಕಾರಿಯ ಸಹಿ ಇಲ್ಲದೆ ಒಬ್ಬ ಆಶಾ ಕೂಡ ನಮ್ಮ ಆ್ಯಪ್‌ನಲ್ಲಿ ಒಂದು ಮಗುವಿನ ವಿವರ ಹಾಕುವಂತಿಲ್ಲ. ದಾನಿಗೆ ಇದು ಗೊತ್ತಿರುತ್ತದೆ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ನೋಡಿ, ಆಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ, ಕೊನೆಗೆ ಜಿಲ್ಲೆ. ನೇರವಾಗಿ ಜಿಲ್ಲೆಗೆ ಹೋದರೆ ಕಡತ ಅಭಿಪ್ರಾಯ ಕೇಳಿ ಮತ್ತೆ ಕೆಳಗೇ ಬರುತ್ತದೆ. ಅನುಮತಿ ಪತ್ರದಲ್ಲಿ "ಯೋಜನೆಗೆ ಸಹಕರಿಸಲಾಗುವುದು" ಅಂತ ಒಂದು ಸಾಲು ಇದ್ದರೆ ಸಾಲದು. ಈ ಒಂದು ವಾಕ್ಯ ಇರಲೇಬೇಕು, ಅದನ್ನು ನೀವೇ ಕರಡು ಮಾಡಿಕೊಂಡು ಹೋಗಿ:

> ಸದರಿ ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಆ್ಯಪ್‌ನಿಂದ ಮುದ್ರಿಸಿದ ಹಾಗೂ ಆಶಾ ಕಾರ್ಯಕರ್ತೆ ಸಹಿ ಮಾಡಿದ ಎಚ್‌ಬಿಎನ್‌ಸಿ ನಮೂನೆಯನ್ನು ಕೈಬರಹದ ನಮೂನೆಯ ಬದಲಿಗೆ ಪರಿಶೀಲನೆ ಮತ್ತು ಪ್ರೋತ್ಸಾಹಧನ ಪಾವತಿಗೆ ಅಂಗೀಕರಿಸಲಾಗುವುದು.

ಈ ವಾಕ್ಯ ಸಿಕ್ಕಿತು ಅಂದರೆ ಪುಸ್ತಕ ಮುಚ್ಚಿತು. ಸಿಗಲಿಲ್ಲ ಅಂದರೆ ಯಾಕೆ ಅಂತ ಕೇಳಿ. ಲೆಕ್ಕ ತಪಾಸಣೆಗೆ ಕೈಬರಹದ ಪ್ರತಿಯೇ ಬೇಕು ಅನ್ನಬಹುದು. ಆಗ ಮೊದಲ ಮೂರು ತಿಂಗಳು ಎರಡೂ ಇರಲಿ, ಎರಡೂ ತಾಳೆಯಾದರೆ ನಾಲ್ಕನೇ ತಿಂಗಳಿನಿಂದ ಮುದ್ರಿತ ಪ್ರತಿ ಸಾಕು ಅಂತ ಒಪ್ಪಿಸಬಹುದು. ಅದೂ ಆಗದಿದ್ದರೆ ಬೇರೆ ತಾಲ್ಲೂಕು ನೋಡಿ. ಎರಡೆರಡು ಸಲ ಬರೆಸುವ ಯೋಜನೆಗೆ ಹಣ ಕೇಳುವುದು ಆಶಾಗಳಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ದಾನಿ ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಸಿದ್ಧವಾಗುತ್ತದೆ. "ಸರ್ಕಾರದ್ದೇ ಆ್ಯಪ್‌ಗಳಿವೆಯಲ್ಲ?" ಹೌದು, ಇವೆ. ತಾಯಿ-ಮಗುವಿನ ವಿವರ ಆರ್‌ಸಿಎಚ್ ಪೋರ್ಟಲ್‌ಗೆ ಹೋಗುತ್ತದೆ, ಅದಕ್ಕಾಗಿ ಉಪಕೇಂದ್ರದ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳ ಬಳಿ ಅನ್ಮೋಲ್ ಆ್ಯಪ್ ಇದೆ. ಅಂಗನವಾಡಿಯವರ ಬಳಿ ಪೋಷಣ್ ಟ್ರ್ಯಾಕರ್ ಇದೆ. ಇವುಗಳನ್ನು ಪತ್ರದಲ್ಲಿ ಹೆಸರಿಸಿ. ಹೆಸರಿಸದೆ ಬಿಟ್ಟರೆ ನಿಮಗೆ ಕ್ಷೇತ್ರ ಗೊತ್ತಿಲ್ಲ ಅಂತ ಓದುವವರು ತಿಳಿಯುತ್ತಾರೆ. ನಿಮ್ಮ ಆ್ಯಪ್ ಪ್ರತಿ ಮಗುವನ್ನೂ ತಾಯಿ ಕಾರ್ಡ್‌ನಲ್ಲಿರುವ ಆರ್‌ಸಿಎಚ್ ಸಂಖ್ಯೆಯಿಂದಲೇ ಗುರುತಿಸುತ್ತದೆ, ಹೊಸ ಸಂಖ್ಯೆ ಸೃಷ್ಟಿಸುವುದಿಲ್ಲ ಎಂದು ಬರೆಯಿರಿ.

ಹಂತ 3: ಈಗಿನ ಸ್ಥಿತಿ ಎಣಿಸಿ

ಅನುಮತಿ ಸಿಕ್ಕ ಮೇಲೆ ಆರೋಗ್ಯ ಕೇಂದ್ರದಲ್ಲಿ ಎರಡು ದಿನ ಕೂತು ಕಳೆದ ಮೂರು ತಿಂಗಳ ನಮೂನೆಗಳನ್ನು ತಿರುವಿ ಹಾಕಿ. ಹೆಸರು ಬರೆದುಕೊಳ್ಳಬೇಡಿ, ಎಣಿಕೆ ಮಾತ್ರ. ಮೂರು ವಿಷಯ ಸಾಕು: ಎಷ್ಟು ಮಕ್ಕಳಿಗೆ 3ನೇ ದಿನದ ಭೇಟಿ ದಾಖಲಾಗಿದೆ, ಎಷ್ಟು ನಮೂನೆ ಪೂರ್ತಿ ಇದೆ, ಆಸ್ಪತ್ರೆಗೆ ಕಳಿಸಿದ ಮಕ್ಕಳು ಎಷ್ಟು.

ಈ ಹೊತ್ತಿನಲ್ಲಿ ತೂಕದ ಕಾಲಂ ಮೇಲೆ ಕಣ್ಣಿರಲಿ. 2.5, 3.0 ಇಂಥ ದುಂಡು ಅಂಕಿಗಳೇ ಸಾಲಾಗಿ ಬಂದಿದ್ದರೆ, ಆರೂ ಭೇಟಿಗಳು ಒಂದೇ ಪೆನ್ನಿನಲ್ಲಿ ಒಂದೇ ಒತ್ತಿನಲ್ಲಿ ಬರೆದ ಹಾಗಿದ್ದರೆ, ಅದು ನೆನಪಿನಿಂದ ತುಂಬಿದ ನಮೂನೆ. ಅದನ್ನು ಆಶಾ ಅವರ ತಪ್ಪು ಅಂತ ಪತ್ರದಲ್ಲಿ ಬರೆಯಬೇಡಿ. ಕೇಳಿ ನೋಡಿ, ತಕ್ಕಡಿ ಕೆಟ್ಟಿರುತ್ತದೆ, ಇಲ್ಲವೇ ಖಾಲಿ ನಮೂನೆ ಮುಗಿದಿರುತ್ತದೆ. ಕೆಟ್ಟ ತಕ್ಕಡಿಯನ್ನು ಆ್ಯಪ್ ಸರಿ ಮಾಡುವುದಿಲ್ಲ ಅಲ್ವಾ? ಅಂಥದ್ದು ಕಂಡರೆ ಬಜೆಟ್‌ನಲ್ಲಿ ತಕ್ಕಡಿಗೂ ಜಾಗ ಮಾಡಿ.

ಇನ್ನೊಂದು ನಮ್ಮ ಕಡೆಯ ವಿಷಯ ಇದೆ. ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಗರ್ಭಿಣಿಯಾಗಿ ದಾಖಲಾದದ್ದು ಗಂಡನ ಊರಿನ ಆಶಾ ಬಳಿ, ಮಗು ಇರುವುದು ತವರೂರಿನ ಆಶಾ ಬಳಿ. ಎಣಿಸುವಾಗ ಇಂಥ ಮಕ್ಕಳನ್ನು ಬೇರೆ ಸಾಲಿನಲ್ಲಿ ಹಾಕಿ. ಇಲ್ಲವಾದರೆ ಒಂದೇ ಮಗು ಒಂದು ಕಡೆ "ಭೇಟಿ ಆಗಿಲ್ಲ" ಎಂದೂ ಇನ್ನೊಂದು ಕಡೆ "ಆಗಿದೆ" ಎಂದೂ ಕಾಣುತ್ತದೆ, ಇಲ್ಲವೇ ಎರಡೂ ಕಡೆ ಕಾಣುವುದೇ ಇಲ್ಲ. ಆ್ಯಪ್‌ನಲ್ಲಿ "ತವರಿಗೆ ಹೋಗಿದ್ದಾರೆ" ಎಂಬ ಗುಂಡಿ ಒತ್ತಿದರೆ ಅಲ್ಲಿನ ಆಶಾಗೆ ಆ ಮಗು ವರ್ಗವಾಗುವ ವ್ಯವಸ್ಥೆ ಇದೆ ಎಂದು ಪತ್ರದಲ್ಲಿ ಹೇಳಿದರೆ, ಹಳ್ಳಿ ಬಲ್ಲ ಯಾರೇ ಓದಿದರೂ ನಿಮ್ಮನ್ನು ನಂಬುತ್ತಾರೆ.

ಹಂತ 4: ಮೊದಲ ಪ್ಯಾರಾ

ಸಂಸ್ಥೆಯ ಚರಿತ್ರೆಯಿಂದ ಶುರು ಮಾಡಬೇಡಿ. ಎಲ್ಲಿ, ಯಾರು, ಎಷ್ಟು, ಏನು ಕೇಳುತ್ತಿದ್ದೀರಿ, ಯಾವ ಪುಸ್ತಕ ಮುಚ್ಚುತ್ತದೆ, ಇಷ್ಟೂ ಮೊದಲ ಐದಾರು ಸಾಲಿನಲ್ಲಿ ಬರಲಿ. ಉದಾಹರಣೆಗೆ ಎರಡು ಆರೋಗ್ಯ ಕೇಂದ್ರ, 40 ಆಶಾಗಳು ಎಂದಿಟ್ಟುಕೊಳ್ಳೋಣ:

> ಮಾನ್ಯರೆ,
> ____ ತಾಲ್ಲೂಕಿನ ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ 40 ಆಶಾ ಕಾರ್ಯಕರ್ತೆಯರು ವರ್ಷಕ್ಕೆ ಸುಮಾರು 640 ನವಜಾತ ಶಿಶುಗಳ ಮನೆಗೆ ಆರಾರು ಸಲ ಹೋಗಬೇಕು. ಕಳೆದ ಮೂರು ತಿಂಗಳ ನಮೂನೆಗಳಲ್ಲಿ 100 ಮಕ್ಕಳ ಪೈಕಿ ____ ಮಕ್ಕಳಿಗೆ ಮಾತ್ರ 3ನೇ ದಿನದ ಭೇಟಿ ದಾಖಲಾಗಿದೆ. ಈ ಭೇಟಿಗಳನ್ನು ಮನೆಯಲ್ಲೇ, ನೆಟ್‌ವರ್ಕ್ ಇಲ್ಲದೆಯೂ ಕನ್ನಡದಲ್ಲಿ ದಾಖಲಿಸುವ ಆ್ಯಪ್‌ನ 12 ತಿಂಗಳ ಕೆಲಸಕ್ಕೆ ನಾವು 17,60,000 ರೂಪಾಯಿ ಅನುದಾನ ಕೋರುತ್ತಿದ್ದೇವೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿಯಂತೆ (ಲಗತ್ತು 1) ಆ್ಯಪ್‌ನಿಂದ ಮುದ್ರಿಸಿದ ನಮೂನೆ ಕೈಬರಹದ ನಮೂನೆಯ ಜಾಗ ತೆಗೆದುಕೊಳ್ಳುತ್ತದೆ. ಆಶಾ ಎರಡು ಸಲ ಬರೆಯಬೇಕಾಗಿಲ್ಲ.

640 ಎಲ್ಲಿಂದ ಬಂತು? ಹಳ್ಳಿಗಳಲ್ಲಿ ಸಾಮಾನ್ಯವಾಗಿ 1,000 ಜನಕ್ಕೆ ಒಬ್ಬ ಆಶಾ. 40 ಆಶಾ ಅಂದರೆ 40,000 ಜನ. ಸಾವಿರ ಜನಕ್ಕೆ ವರ್ಷಕ್ಕೆ 16 ಹೆರಿಗೆ ಅಂದುಕೊಂಡರೆ 640 ಮಕ್ಕಳು, 3,840 ಭೇಟಿ. ನಿಮ್ಮ ಆರೋಗ್ಯ ಕೇಂದ್ರದ ನಿಜವಾದ ಹೆರಿಗೆ ಸಂಖ್ಯೆ ಹಾಕಿ, ಆಮೇಲೆ ಈ ಲೆಕ್ಕದ ಪಕ್ಕ ಇಟ್ಟು ನೋಡಿ. 40 ಆಶಾಗಳಿಂದ "ವರ್ಷಕ್ಕೆ 50,000 ನವಜಾತ ಶಿಶು ಭೇಟಿ" ಎಂದು ಬರೆದ ಪತ್ರವನ್ನು ನಾನು ನೋಡಿದ್ದೇನೆ. ಈ ಗುಣಾಕಾರ ಮಾಡಿದ ಕೂಡಲೇ ಅದು ಬಿದ್ದುಹೋಗುತ್ತದೆ.

ಹಂತ 5: ಅಳೆಯಬಹುದಾದ ಮಾತನ್ನೇ ಕೊಡಿ

"ಶಿಶು ಮರಣ ಕಡಿಮೆ ಮಾಡುತ್ತೇವೆ" ಎಂದು ಬರೆಯಲು ಕೈ ತುಡಿಯುತ್ತದೆ. ಬರೆಯಬೇಡಿ. ಸಾವಿರ ಮಕ್ಕಳಿಗೆ 20 ಸಾವು ಅಂತಿಟ್ಟುಕೊಂಡರೂ 640 ಮಕ್ಕಳಲ್ಲಿ ಅದು ಹನ್ನೆರಡು-ಹದಿಮೂರು. ಒಂದು ವರ್ಷ ಅದು ಹತ್ತಾಗಬಹುದು, ಇನ್ನೊಂದು ವರ್ಷ ಹದಿನೈದಾಗಬಹುದು, ಆ್ಯಪ್ ಇದ್ದರೂ ಇಲ್ಲದಿದ್ದರೂ. ಇಷ್ಟು ಸಣ್ಣ ಜಾಗದಲ್ಲಿ ಆ ವ್ಯತ್ಯಾಸ ನಮ್ಮಿಂದ ಆಯಿತು ಎಂದು ಯಾರೂ ಹೇಳಲಾಗದು. ಸಾವು ಹೆಚ್ಚಾದ ವರ್ಷ ನಿಮ್ಮದೇ ಪತ್ರ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ.

ಕೊಡಬಹುದಾದ ಮಾತು ಇದು: 3ನೇ ದಿನದ ಭೇಟಿ ಈಗ ಇಷ್ಟಿದೆ, 12ನೇ ತಿಂಗಳಿಗೆ ಇಷ್ಟಾಗುತ್ತದೆ. ಭೇಟಿ ಆದ 24 ಗಂಟೆಯೊಳಗೆ ದಾಖಲಾದ ನಮೂನೆಗಳು ನೂರಕ್ಕೆ ಇಷ್ಟು. ಅಪಾಯದ ಲಕ್ಷಣ ಕಂಡ ಮಗುವಿನ ಸುದ್ದಿ ಎಎನ್‌ಎಂಗೆ ಅದೇ ದಿನ ತಲುಪಿದ್ದು ನೂರಕ್ಕೆ ಇಷ್ಟು. ಮೂರೂ ಆ್ಯಪ್‌ನಲ್ಲೇ ಎಣಿಸಲು ಸಿಗುತ್ತವೆ.

ಆದರೆ ಆ್ಯಪ್‌ನಲ್ಲಿ ದಾಖಲಾದದ್ದೆಲ್ಲ ನಡೆದಿದೆ ಎಂದಲ್ಲ. ಭೇಟಿಯ ದಿನಾಂಕ ಬೇರೆ, ಫಾರ್ಮ್ ತೆರೆದ ಸಮಯ ಬೇರೆ. ಎರಡನ್ನೂ ಆ್ಯಪ್ ತಾನಾಗಿ ಉಳಿಸಬೇಕು. ಐದೇ ನಿಮಿಷದ ಒಳಗೆ ನಾಲ್ಕು ಮನೆಯ ಫಾರ್ಮ್ ತೆರೆದು ಮುಚ್ಚಿದ್ದರೆ ಅದು ಮನೆಯಲ್ಲಿ ಕೂತು ತುಂಬಿದ್ದು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಕಳಿಸಿದ ಸಮಯ ತಡವಾಗುವುದು ಸಹಜ. ತೆರೆದ ಸಮಯ ನೋಡಬೇಕೇ ಹೊರತು ಕಳಿಸಿದ ಸಮಯವನ್ನಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನೆಟ್‌ವರ್ಕ್ ಇಲ್ಲದ ಊರಿನ ಆಶಾ ಮೇಲೆ ಅನುಮಾನ ಪಟ್ಟರೆ ಅವರ ಮನಸ್ಸು ಮುರಿಯುತ್ತದೆ. ಜೊತೆಗೆ ಹೊರಗಿನವರೊಬ್ಬರು 200 ಮನೆಗೆ ಹೋಗಿ ತಾಯಿಯನ್ನೇ ಕೇಳುತ್ತಾರೆ ಎಂದು ಬರೆಯಿರಿ: "ಆಶಾ ಬಂದಿದ್ರಾ? ಮಗುವನ್ನ ತೂಕ ಮಾಡಿದ್ರಾ?" ಈ ಮರುಪರಿಶೀಲನೆಯ ಫಲಿತಾಂಶದ ಮೇಲೆ ಯಾವ ಆಶಾ ಪ್ರೋತ್ಸಾಹಧನವೂ ಕಡಿತವಾಗದು ಎಂದೂ ಸೇರಿಸಿ.

ಹಂತ 6: ಹಣದ ಲೆಕ್ಕ

ನಮ್ಮ ಉದಾಹರಣೆಯ 12 ತಿಂಗಳ ಬಜೆಟ್ ಹೀಗೆ ಬರುತ್ತದೆ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿ.

> ಆ್ಯಪ್ ಕೆಲಸಗಾರ, ಒಬ್ಬರು (ತಿಂಗಳಿಗೆ 50,000): 6,00,000
> ಕ್ಷೇತ್ರ ಸಂಯೋಜಕರು, ಇಬ್ಬರು (ತಲಾ 20,000): 4,80,000
> ಆಶಾಗಳ ಡೇಟಾ ಮತ್ತು ಸಮಯಕ್ಕೆ (40 ಜನ, ತಿಂಗಳಿಗೆ 500): 2,40,000
> ತರಬೇತಿ, ಐದು ದಿನ (40 ಜನ, ದಿನಕ್ಕೆ 500): 1,00,000
> ಫೋನ್, 10: 1,00,000
> ಸರ್ವರ್ ಮತ್ತು ಎಸ್ಸೆಮ್ಮೆಸ್ (ತಿಂಗಳಿಗೆ 8,000): 96,000
> ಹೊರಗಿನವರ ಮರುಪರಿಶೀಲನೆ (200 ಮನೆ, ತಲಾ 300): 60,000
> ಲೆಕ್ಕಪರಿಶೋಧನೆ, ಕಚೇರಿ: 84,000
> ಒಟ್ಟು: 17,60,000

ಓದುವವರು ಮಾಡುವ ಮೊದಲ ಕೆಲಸ ಭಾಗಾಕಾರ. 17,60,000 ಭಾಗಿಸು 3,840. ಒಂದು ಭೇಟಿಗೆ ಸುಮಾರು 458 ರೂಪಾಯಿ. ಆರೂ ಭೇಟಿ ಸೇರಿ ಆಶಾಗೆ ಸಿಗುವುದು 250. ಅಂದರೆ ಒಂದು ಭೇಟಿಗೆ ಸುಮಾರು 42. ಭೇಟಿ ಮಾಡುವುದಕ್ಕೆ ಸಿಗುವುದರ ಸುಮಾರು ಹನ್ನೊಂದು ಪಟ್ಟು ಹಣ ಅದನ್ನು ದಾಖಲಿಸುವುದಕ್ಕೆ! ಈ ಅಂಕಿ ನೋಡಿದಾಗ ನನಗೆ ನಿಜಕ್ಕೂ ನೋವಾಯಿತು. ಇದನ್ನು ಮುಚ್ಚಿಡಬೇಡಿ. ಮೊದಲ ವರ್ಷದ್ದರಲ್ಲಿ ದೊಡ್ಡ ಪಾಲು ಆ್ಯಪ್ ಸಿದ್ಧಪಡಿಸುವ ಖರ್ಚು, ಅದು ಆಶಾಗಳ ಸಂಖ್ಯೆ ಹೆಚ್ಚಿದಂತೆ ಹೆಚ್ಚುವುದಿಲ್ಲ ಎಂದು ಪತ್ರದಲ್ಲೇ ಹೇಳಿ. ಮುಂದಿನ 40 ಆಶಾಗಳನ್ನು ಸೇರಿಸಲು ಬೇಕಾದದ್ದು ತರಬೇತಿ, ಅವರ ಡೇಟಾ-ಸಮಯದ ಹಣ, ಇನ್ನೊಬ್ಬ ಸಂಯೋಜಕ: 5,80,000. ಭೇಟಿಗೆ 151 ರೂಪಾಯಿ. ಇದೂ ಕಡಿಮೆಯಲ್ಲ. ಅದಕ್ಕೇ ಆ ಹಣದ ಬಹುಪಾಲು ಯಾರ ಕೈ ಸೇರುತ್ತದೆ ಎಂಬುದನ್ನೂ ತೋರಿಸಬೇಕು. ಆಶಾಗಳ ಡೇಟಾ ಮತ್ತು ಸಮಯದ ಸಾಲನ್ನು ಉಳಿತಾಯಕ್ಕಾಗಿ ಅಳಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೇರೆ ಸಾಲು ಕಡಿಮೆ ಮಾಡಿ.

ಕಡಿಮೆ ಮಾಡುವ ಒಂದು ಒಳ್ಳೆಯ ದಾರಿ ಆ್ಯಪನ್ನು ಸೊನ್ನೆಯಿಂದ ಕಟ್ಟದೆ ಇರುವುದು. ಒಡಿಕೆ, ಕಮ್ಯುನಿಟಿ ಹೆಲ್ತ್ ಟೂಲ್‌ಕಿಟ್ ಇವೆಲ್ಲ ಮುಕ್ತ ತಂತ್ರಾಂಶಗಳು, ನೆಟ್‌ವರ್ಕ್ ಇಲ್ಲದೆಯೂ ಫಾರ್ಮ್ ತುಂಬಲು ಬರುತ್ತವೆ. ಇವುಗಳ ಮೇಲೆ ಕಟ್ಟುತ್ತೇವೆ ಎಂದು ಬರೆದರೆ, ನಾಳೆ ನೀವು ಇಲ್ಲದಿದ್ದರೂ ಬೇರೆಯವರು ಅದನ್ನು ಮುಂದುವರಿಸಬಹುದು ಎಂಬ ಭರವಸೆಯೂ ಜೊತೆಗೇ ಬರುತ್ತದೆ.

ಹಂತ 7: ಮಾಹಿತಿ ಯಾರ ಕೈಯಲ್ಲಿ

ಒಂದು ಪ್ಯಾರಾ ಸಾಕು, ಆದರೆ ನಿಖರವಾಗಿರಲಿ. ಆಶಾ ಫೋನನ್ನು ಸಂಜೆ ಮಕ್ಕಳು ಆಟಕ್ಕೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಆ್ಯಪ್‌ಗೇ ಬೇರೆ ಪಿನ್ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ಮಕ್ಕಳ ಮಾಹಿತಿಗೆ ತಂದೆ-ತಾಯಿಯ ಒಪ್ಪಿಗೆಯ ಮಾತಿದೆ.

> ಆಧಾರ್ ಸಂಖ್ಯೆ ಮತ್ತು ಫೋಟೋ ಸಂಗ್ರಹಿಸುವುದಿಲ್ಲ. ತಾಯಿಗೆ ಕನ್ನಡದಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಫಾರ್ಮ್ ತೆರೆಯುತ್ತದೆ. ಒಪ್ಪದಿದ್ದರೆ ಆ ಮನೆಗೆ ಕಾಗದದ ನಮೂನೆ ಮುಂದುವರಿಯುತ್ತದೆ, ಭೇಟಿ ನಿಲ್ಲುವುದಿಲ್ಲ. ಮಾಹಿತಿಯ ಹಕ್ಕು ಇಲಾಖೆಯದು. ದಾನಿ ಸಂಸ್ಥೆಗೆ ಒಟ್ಟು ಅಂಕಿಗಳು ಮಾತ್ರ ತಲುಪುತ್ತವೆ.

ಕೊನೆಯ ಸಾಲು ಮುಖ್ಯ. ವರದಿಗೆ ಹಾಕಲು ಮಕ್ಕಳ ಫೋಟೋ ಕಳಿಸಿ ಎಂದು ಕೆಲವು ದಾನಿಗಳು ಆಮೇಲೆ ಕೇಳುತ್ತಾರೆ. ಪತ್ರದಲ್ಲೇ ಹೇಳಿಬಿಟ್ಟಿದ್ದರೆ ಆಗ ಇಲ್ಲ ಅನ್ನುವುದು ಸುಲಭ.

ಹಂತ 8: ಲಗತ್ತು ಮತ್ತು ಸಮಯ

ಸಿಎಸ್‌ಆರ್ ಹಣಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ನಿಮ್ಮ ಟ್ರಸ್ಟ್ ಹೊಸದಾಗಿದ್ದರೆ ಹಳೆಯ ಸಂಸ್ಥೆಯೊಂದರ ಮೂಲಕ ಅರ್ಜಿ ಹಾಕಿ. ವಿದೇಶಿ ದಾನಿಯಾದರೆ ವಿದೇಶಿ ದೇಣಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದೆ ಒಂದು ರೂಪಾಯಿಯೂ ತೆಗೆದುಕೊಳ್ಳುವಂತಿಲ್ಲ. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಸಂಸ್ಥೆ ಆ ಹಣವನ್ನು ನಿಮಗೆ ದಾಟಿಸಲೂ ಬಾರದು.

ವಿಷಯದ ಸಾಲಿನಲ್ಲಿ "ಕಂಪನಿಗಳ ಕಾಯ್ದೆ 2013, ಏಳನೇ ಅನುಸೂಚಿ, ಅಂಶ 1: ಆರೋಗ್ಯ" ಎಂದು ನಮೂದಿಸಿ. ಕಂಪನಿಯ ಸಮಿತಿ ಇದನ್ನು ಯಾವ ತಲೆಬರಹದಡಿ ಹಾಕಬೇಕು ಎಂದು ಹುಡುಕುವ ಕೆಲಸ ತಪ್ಪುತ್ತದೆ. ಕಂಪನಿಗಳು ವರ್ಷದ ಸಿಎಸ್‌ಆರ್ ಯೋಜನೆಯನ್ನು ಏಪ್ರಿಲ್-ಮಾರ್ಚ್ ಲೆಕ್ಕದಲ್ಲಿ ಮಾಡುತ್ತವೆ. ಜನವರಿ-ಫೆಬ್ರವರಿಯಲ್ಲಿ ಪತ್ರ ಅವರ ಮೇಜಿನ ಮೇಲಿದ್ದರೆ ಮುಂದಿನ ವರ್ಷದ ಯೋಜನೆಗೆ ಸೇರುವ ಅವಕಾಶ ಜಾಸ್ತಿ. ಹಾಗಾಗಿ ಅನುಮತಿಗಾಗಿ ಓಡಾಡುವುದನ್ನು ದಸರಾ ಹೊತ್ತಿಗೇ ಶುರು ಮಾಡಿ.

ಕಳಿಸುವ ಮುಂಚೆ ಪತ್ರವನ್ನು ಅದೇ 40 ಜನರಲ್ಲಿ ಇಬ್ಬರು ಆಶಾಗಳಿಗೆ ಓದಿ ಹೇಳಿ. ನಾನು ಎರಡನೇ ಸಲ ಬರೆದ ಪತ್ರ ಓದಿದಾಗ ಒಬ್ಬರು ಕೇಳಿದರು: "ಸರ್, ಮುದ್ರಿಸಿದ ನಮೂನೆ ಅಂದ್ರಿ. ಪ್ರಿಂಟ್ ಎಲ್ಲಿ ತೆಗೆಸೋದು? ಬಸ್ ಹಿಡಿದು ಪೇಟೆಗೆ ಹೋಗ್ಬೇಕಾ?" ಬಜೆಟ್‌ನಲ್ಲಿ ಪ್ರಿಂಟರ್ ಇರಲೇ ಇಲ್ಲ. ಕಚೇರಿ ಖರ್ಚಿನ ಸಾಲಿನೊಳಗೇ ಎರಡೂ ಆರೋಗ್ಯ ಕೇಂದ್ರಕ್ಕೆ ಒಂದೊಂದು ಪ್ರಿಂಟರ್ ಮತ್ತು ಕಾಗದ ಸೇರಿಸಿದೆವು. ತಿಂಗಳ ಸಭೆಯ ದಿನ ಸಂಯೋಜಕರೇ ಎಲ್ಲರ ನಮೂನೆ ಮುದ್ರಿಸಿ ಅಲ್ಲೇ ಸಹಿ ಹಾಕಿಸುತ್ತಾರೆ ಎಂದೂ ಪತ್ರದಲ್ಲಿ ಬರೆದೆವು.